ಸಂಘದ ಬಡ್ಡಿಯಲ್ಲಿ ಯಾರ ಪಾಲು ಎಷ್ಟು?

ಮಾರ್ಚ್ ಕೊನೆಯ ಸಭೆ ಬಂತೆಂದರೆ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸದಸ್ಯರೊಳಗೇ ಸಾಲ ಕೊಟ್ಟು ವರ್ಷವಿಡೀ ಬಂದ ಬಡ್ಡಿಯಲ್ಲಿ ಯಾರಿಗೆ ಎಷ್ಟು? ಎಲ್ಲರೂ ಒಂದೇ ಮೊತ್ತವನ್ನು ಒಂದು ತಿಂಗಳೂ ತಪ್ಪದೆ ಕಟ್ಟಿದ್ದರೆ ಸಮನಾಗಿ ಹಂಚಿದರೆ ಸಾಕು. ಆದರೆ ಒಬ್ಬಾಕೆ ನಡುವರ್ಷದಲ್ಲಿ ಸೇರಿರುತ್ತಾಳೆ, ಇನ್ನೊಬ್ಬಾಕೆ ಕಂತು ಬಾಕಿ ಉಳಿಸಿಕೊಂಡು ಕೊನೆಗೆ ಒಟ್ಟಿಗೆ ಕಟ್ಟಿರುತ್ತಾಳೆ. ಆಗ ಸಮಪಾಲು ಎಂಬುದು ನೆಟ್ಟಗೆ ಕಟ್ಟಿದವರಿಗೆ ಮಾಡುವ ಅನ್ಯಾಯ.

ಬಡ್ಡಿ ಹುಟ್ಟುವುದು ಹಣದಿಂದ ಮಾತ್ರವಲ್ಲ, ಆ ಹಣ ಸಂಘದಲ್ಲಿ ಎಷ್ಟು ತಿಂಗಳು ದುಡಿಯಿತು ಎಂಬುದರಿಂದ. ಏಪ್ರಿಲ್ ಮೊದಲ ವಾರ ಕಟ್ಟಿದ 200 ರೂಪಾಯಿ ಆ ವರ್ಷ 12 ತಿಂಗಳು ಸಾಲವಾಗಿ ತಿರುಗುತ್ತದೆ, ಮಾರ್ಚಿನಲ್ಲಿ ಕಟ್ಟಿದ್ದು ಒಂದೇ ತಿಂಗಳು. ಹಾಗಾಗಿ ಪ್ರತಿ ಕಂತನ್ನೂ ಅದು ಸಂಘದಲ್ಲಿದ್ದ ತಿಂಗಳುಗಳಿಂದ ಗುಣಿಸಿ ಕೂಡಿಸಬೇಕು. ಬರುವ ಅಂಕಿಯನ್ನು ಅಂಶ ಎಂದು ಕರೆಯೋಣ.

ಲೆಕ್ಕಕ್ಕೆಂದು ಹತ್ತು ಜನರ ಹೊಸ ಸಂಘವೊಂದನ್ನು ಇಟ್ಟುಕೊಳ್ಳಿ. ತಿಂಗಳಿಗೆ 200 ರೂಪಾಯಿ ಉಳಿತಾಯ, ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಎಂಟು ಜನ ಹನ್ನೆರಡು ಕಂತೂ ಸರಿಯಾಗಿ ಕಟ್ಟಿದ್ದಾರೆ. 12, 11, 10 ಎಂದು ಇಳಿಯುತ್ತ 1ರವರೆಗೆ ಕೂಡಿಸಿದರೆ 78. ಅದನ್ನು 200ರಿಂದ ಗುಣಿಸಿದರೆ ಒಬ್ಬೊಬ್ಬರಿಗೆ 15,600 ಅಂಶ. ಒಂಬತ್ತನೆಯಾಕೆ ಅಕ್ಟೋಬರಿನಲ್ಲಿ ಸೇರಿ ಆರು ಕಂತು ಕಟ್ಟಿದ್ದಾಳೆ. ಆಕೆಗೆ 200 ಗುಣಿಸು 21, ಅಂದರೆ 4,200. ಹತ್ತನೆಯಾಕೆ ಸೆಪ್ಟೆಂಬರ್‌ವರೆಗೆ ಸರಿಯಾಗಿ ಕಟ್ಟಿ, ಆಮೇಲಿನ ಆರು ಕಂತನ್ನು ಮಾರ್ಚಿನಲ್ಲಿ ಒಂದೇ ಸಲ 1,200 ರೂಪಾಯಿಯಾಗಿ ತಂದುಕೊಟ್ಟಳು. ಮೊದಲ ಆರು ಕಂತಿಗೆ 11,400, ಕೊನೆಯದಕ್ಕೆ 1,200, ಒಟ್ಟು 12,600 ಅಂಶ. ಹತ್ತೂ ಜನರದು ಸೇರಿ 1,41,600.

ಇನ್ನು ಹಂಚಬೇಕಾದ ಹಣ. ವರ್ಷದಲ್ಲಿ ಕೈಗೆ ಬಂದ ಸಾಲದ ಬಡ್ಡಿ 2,340 ರೂಪಾಯಿ, ಬ್ಯಾಂಕ್ ಉಳಿತಾಯ ಖಾತೆಯ ಬಡ್ಡಿ 24. ಪುಸ್ತಕ, ಜೆರಾಕ್ಸ್, ಬ್ಯಾಂಕಿಗೆ ಹೋಗಿಬಂದ ಬಸ್ ಚಾರ್ಜು ಎಂದು 240 ಖರ್ಚಾಗಿದೆ. ಉಳಿದದ್ದು 2,124. ಇದನ್ನು ಒಟ್ಟು ಅಂಶದಿಂದ ಭಾಗಿಸಿದರೆ ನೂರು ಅಂಶಕ್ಕೆ ಒಂದೂವರೆ ರೂಪಾಯಿ ಬೀಳುತ್ತದೆ. ಎಂಟು ಜನರಿಗೆ ತಲಾ 234, ತಡವಾಗಿ ಕಟ್ಟಿದಾಕೆಗೆ 189, ಅಕ್ಟೋಬರಿನಲ್ಲಿ ಸೇರಿದಾಕೆಗೆ 63.

ಸಮನಾಗಿ ಹಂಚಿದ್ದರೆ ಎಲ್ಲರಿಗೂ 212 ರೂಪಾಯಿ 40 ಪೈಸೆ ಬರುತ್ತಿತ್ತು. ಅರ್ಧ ವರ್ಷದ ಸದಸ್ಯೆಗೂ ಅಷ್ಟೇ. ಕಟ್ಟಿದ ಒಟ್ಟು ಮೊತ್ತವನ್ನಷ್ಟೇ ನೋಡಿದರೂ ನ್ಯಾಯವಾಗದು. ಹತ್ತನೆಯಾಕೆಯೂ ಉಳಿದವರಂತೆ 2,400 ಕಟ್ಟಿದ್ದಾಳಲ್ಲ, ಆಕೆಗೂ ಅವರಷ್ಟೇ ಪಾಲು ಸಿಗುತ್ತಿತ್ತು. ಹೀಗೆ ಒಂದು ವರ್ಷ ಹಂಚಿದರೆ ಮರುವರ್ಷ ಹೊತ್ತಿಗೆ ಸರಿಯಾಗಿ ಕಟ್ಟುವವರು ಯಾರು?

ಎರಡನೇ ವರ್ಷದಿಂದ ಹಿಂದಿನ ಉಳಿತಾಯವೂ ದುಡಿಯುತ್ತದೆ. ವರ್ಷದ ಆರಂಭದಲ್ಲಿ ಪಾಸ್ ಪುಸ್ತಕದಲ್ಲಿದ್ದ ಮೊತ್ತವನ್ನು 12ರಿಂದ ಗುಣಿಸಿ ಅಂಶಕ್ಕೆ ಸೇರಿಸಬೇಕು. ಇದನ್ನು ಮರೆತರೆ ಹಳೆಯ ಸದಸ್ಯರಿಗೆ ದೊಡ್ಡ ನಷ್ಟ.

ಲೆಕ್ಕ ಹೆಚ್ಚು ಕೆಡುವುದು ಬಾಕಿ ಬಡ್ಡಿಯಲ್ಲಿ. 3,000 ರೂಪಾಯಿ ಸಾಲ ಪಡೆದಾಕೆ ಆರು ತಿಂಗಳು ಬಡ್ಡಿ ಕೊಟ್ಟಿಲ್ಲವೆನ್ನಿ. ಬರಬೇಕಾದ 360 ರೂಪಾಯಿ ಲೆಡ್ಜರಿನಲ್ಲಿದೆ, ಪೆಟ್ಟಿಗೆಯಲ್ಲಿಲ್ಲ. ಅದನ್ನೂ ಆದಾಯವೆಂದು ಹಂಚಿದರೆ ಸಂಘ ಸದಸ್ಯರ ಉಳಿತಾಯವನ್ನೇ ತೆಗೆದು ಬಡ್ಡಿಯೆಂದು ಕೊಟ್ಟಂತೆ. ಬಡ್ಡಿ ಯಾವ ವರ್ಷ ಕೈಗೆ ಬರುತ್ತದೋ ಆ ವರ್ಷದ ಹಂಚಿಕೆಗೆ ಸೇರಲಿ. ಬ್ಯಾಂಕಿನಿಂದ ಸಾಲ ತಂದು ಸದಸ್ಯರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ಕಟ್ಟಿದ ಬಡ್ಡಿಯನ್ನೂ ಮೊದಲೇ ಕಳೆಯಬೇಕು. ಸರ್ಕಾರದಿಂದ ಬಂದ ಸುತ್ತುನಿಧಿ ಇಡೀ ಸಂಘದ್ದು, ಅದು ಯಾರ ಅಂಶಕ್ಕೂ ಸೇರುವುದಿಲ್ಲ.

ಹಂಚುವ ಮೊದಲು ಒಂದು ತಾಳೆ ನೋಡಿ. ನಮ್ಮ ಸಂಘದ ಉಳಿತಾಯ 22,800, ಉಳಿದ ಬಡ್ಡಿ 2,124, ಒಟ್ಟು 24,924. ಸದಸ್ಯರ ಬಳಿ ಉಳಿದಿರುವ ಸಾಲದ ಅಸಲು 19,500, ಬ್ಯಾಂಕಿನಲ್ಲಿ 4,850, ಕೈಯಲ್ಲಿ 574 ಇದ್ದರೆ ಅದೂ 24,924. ಎರಡು ಕಡೆಯೂ ಸಮ. ತಾಳೆಯಾಗದಿದ್ದರೆ ಹಂಚಿಕೆ ನಿಲ್ಲಿಸಿ, ರಸೀದಿಗಳನ್ನು ಲೆಡ್ಜರಿನ ಜೊತೆ ಒಂದೊಂದಾಗಿ ಹೋಲಿಸಿ. ಕಂತಿನಲ್ಲಿ ಬಂದ ಅಸಲನ್ನು ಬಡ್ಡಿಯ ಕಾಲಮ್ಮಿನಲ್ಲಿ ಬರೆದಿರುವುದು ಸಾಮಾನ್ಯ ತಪ್ಪು.

ಈ ಉದಾಹರಣೆಯಲ್ಲಿ ಕೈಯಲ್ಲೂ ಬ್ಯಾಂಕಿನಲ್ಲೂ ಇರುವುದು 5,424 ರೂಪಾಯಿ ಮಾತ್ರ. ಅದರಿಂದ 2,124 ತೆಗೆದು ನಗದಾಗಿ ಕೊಟ್ಟರೆ ಮುಂದಿನ ತಿಂಗಳು ಸಾಲ ಕೇಳುವವರಿಗೆ ಹಣ ಕಡಿಮೆಯಾಗುತ್ತದೆ. ಬ್ಯಾಂಕ್ ಸಾಲದ ಮೊತ್ತ ತೀರ್ಮಾನಿಸುವಾಗ ಸಂಘದ ಮೂಲನಿಧಿಯನ್ನು ನೋಡುತ್ತದೆ, ಸಂಘದಲ್ಲೇ ಉಳಿದ ಬಡ್ಡಿಯೂ ಆ ನಿಧಿಗೆ ಸೇರುತ್ತದೆ. ಆದ್ದರಿಂದ ಪಾಲನ್ನು ಪ್ರತಿಯೊಬ್ಬರ ಪಾಸ್ ಪುಸ್ತಕದಲ್ಲಿ ಜಮಾ ಬರೆದು ಹಣವನ್ನು ಸಂಘದಲ್ಲೇ ಬಿಡುವುದು ಮೇಲು ಎಂದು ನನ್ನ ಅಭಿಪ್ರಾಯ. ಹೀಗೆ ಜಮಾ ಆದ 234 ರೂಪಾಯಿ ಏಪ್ರಿಲ್ ಒಂದರಿಂದ ಆಕೆಯ ಉಳಿತಾಯದ ಜೊತೆ ಸೇರಿ, ಮುಂದಿನ ವರ್ಷದ ಲೆಕ್ಕದಲ್ಲಿ 12ರಿಂದ ಗುಣಿಸಲ್ಪಡುತ್ತದೆ.