ಬಾಗಿಲ ಮೇಲಿನ ‘10 ವರ್ಷ’ ಮತ್ತು ಒಳಪುಟದ ಸಣ್ಣ ಅಕ್ಷರ

ಹೊಸ ಫ್ರಿಜ್‌ನ ಬಾಗಿಲ ಮೇಲೆ ದಪ್ಪಕ್ಷರದ ಸ್ಟಿಕ್ಕರ್ ಇರುತ್ತದೆ: 10 ವರ್ಷ ವಾರಂಟಿ. ಅಂಗಡಿಯವರೂ ಅದನ್ನೇ ತೋರಿಸಿ ಮಾರಿರುತ್ತಾರೆ. ಆದರೆ ಜೊತೆಗೆ ಬಂದ ಕಾರ್ಡ್ ಬಿಡಿಸಿ ಓದಿದರೆ ಲೆಕ್ಕ ಬೇರೆಯೇ. ಇಡೀ ಫ್ರಿಜ್‌ಗೆ ಸಾಮಾನ್ಯವಾಗಿ ಸಿಗುವುದು 1 ವರ್ಷ. ಉಳಿದ 9 ವರ್ಷ ಕಂಪ್ರೆಸರ್ ಒಂದಕ್ಕೇ.

ಮೊದಲ ವರ್ಷದಲ್ಲೂ ಎಲ್ಲವೂ ಉಚಿತವಲ್ಲ. ತಯಾರಿಕೆಯ ದೋಷಕ್ಕೆ ಮಾತ್ರ ಕಂಪನಿ ಹೊಣೆ. ಗಾಜಿನ ತಟ್ಟೆ, ತರಕಾರಿ ಡಬ್ಬ, ಬಲ್ಬು, ಬಾಗಿಲಿನ ರಬ್ಬರ್‌ನಂಥವನ್ನು ಬಹಳಷ್ಟು ಕಾರ್ಡ್‌ಗಳು ಹೊರಗಿಡುತ್ತವೆ. ಕರೆಂಟಿನ ಏರಿಳಿತದಿಂದ ಸುಟ್ಟದ್ದು, ಇಲಿ ಕಡಿದ ವೈರು, ಹೊರಗಿನ ಮೆಕ್ಯಾನಿಕ್ ಬಿಚ್ಚಿದ್ದು, ಸೀರಿಯಲ್ ನಂಬರಿನ ಚೀಟಿ ಕಿತ್ತುಹೋದದ್ದು, ಇವುಗಳಿಗೂ ಸಾಮಾನ್ಯವಾಗಿ ವಾರಂಟಿ ಇಲ್ಲ. ಮನೆಗೆಂದು ಕೊಂಡ ಫ್ರಿಜ್ಜನ್ನು ಬೇಕರಿಯಲ್ಲೋ ಹೋಟೆಲಿನಲ್ಲೋ ಇಟ್ಟರೆ ಅದೂ ಅಷ್ಟೇ.

ಜನ ನಿಜವಾಗಿ ಬೆಚ್ಚಿಬೀಳುವುದು ಆಮೇಲಿನ ವರ್ಷಗಳಲ್ಲಿ. ನಾಲ್ಕನೆಯ ವರ್ಷ ಫ್ರಿಜ್ ತಣ್ಣಗಾಗುವುದು ನಿಂತಿತು ಎನ್ನಿ. ಬಂದ ಟೆಕ್ನಿಷಿಯನ್ ಪರೀಕ್ಷಿಸಿ ‘ಕಂಪ್ರೆಸರ್ ಹೋಗಿದೆ’ ಎನ್ನುತ್ತಾನೆ. ವಾರಂಟಿ ಇದೆಯಲ್ಲ ಎಂದು ನೀವು ನಿಶ್ಚಿಂತರಾಗಿರುತ್ತೀರಿ. ಕೊನೆಗೆ ಕೈಗೆ ಬರುವುದು ಸಾವಿರಾರು ರೂಪಾಯಿಯ ಬಿಲ್. ಇದು ಮೋಸವೇ ಆಗಬೇಕೆಂದಿಲ್ಲ. ಕಂಪ್ರೆಸರ್ ಬದಲಿಸಲು ತಾಮ್ರದ ಕೊಳವೆ ಕತ್ತರಿಸಿ ಮತ್ತೆ ಬೆಸೆಯಬೇಕು, ತೇವ ಹೀರುವ ಡ್ರೈಯರ್ ಹೊಸದು ಹಾಕಬೇಕು, ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆಯಬೇಕು, ಹೊಸ ಗ್ಯಾಸ್ ತುಂಬಬೇಕು. ಕಾರ್ಡ್ ಪ್ರಕಾರ ಬಿಟ್ಟಿ ಸಿಗುವುದು ಕಂಪ್ರೆಸರ್ ಮಾತ್ರ. ಮನೆಗೆ ಬಂದ ಶುಲ್ಕ, ಕೂಲಿ, ಗ್ಯಾಸ್, ಡ್ರೈಯರ್, ಅವುಗಳ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೆ. ಕೆಲವು ಕಂಪನಿಗಳು ಗ್ಯಾಸನ್ನೂ ಸೇರಿಸುತ್ತವೆ. ಹಾಗಿದ್ದರೆ ಅದು ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಕಂಪ್ರೆಸರ್ ಸರಿಯಿದ್ದು ಗ್ಯಾಸ್ ಮಾತ್ರ ಸೋರಿದ್ದರೆ ಇನ್ನೂ ಬೇಸರದ ಸಂಗತಿ. ಆಗ 10 ವರ್ಷದ ಮಾತು ಲೆಕ್ಕಕ್ಕೇ ಬರುವುದಿಲ್ಲ, ಪೂರ್ತಿ ಖರ್ಚು ನಿಮ್ಮದೇ. ಇನ್ವರ್ಟರ್ ಫ್ರಿಜ್‌ಗಳಲ್ಲಿ ಮತ್ತೊಂದು ತೊಡಕಿದೆ. ಅಲ್ಲಿ ಕಂಪ್ರೆಸರ್ ಓಡಿಸುವುದು ಹಿಂಬದಿಯ ಒಂದು ಎಲೆಕ್ಟ್ರಾನಿಕ್ ಬೋರ್ಡ್. ಬೋರ್ಡ್ ಸುಟ್ಟರೂ ಕಂಪ್ರೆಸರ್ ನಿಲ್ಲುತ್ತದೆ, ಆದರೆ ಹಲವು ಕಾರ್ಡ್‌ಗಳಲ್ಲಿ ಬೋರ್ಡ್ ಕಂಪ್ರೆಸರ್‌ನ ಲೆಕ್ಕಕ್ಕೆ ಸೇರಿಲ್ಲ. ಫ್ರಿಜ್ ಕೊಂಡ ವಾರದಲ್ಲೇ ಹುಡುಕಿ ಓದಬೇಕಾದ ಸಾಲು ಯಾವುದೆಂದರೆ, ನನ್ನ ಮಟ್ಟಿಗೆ, ಇದೇ.

ಕೆಟ್ಟ ಭಾಗ ಯಾವುದು ಎಂಬುದರ ಮೇಲೆ ಹಣದ ಲೆಕ್ಕ ನಿಂತಿರುವುದರಿಂದ ಜಾಬ್ ಶೀಟ್ ಮುಖ್ಯ. ಬಂದವನು ‘ಕೂಲಿಂಗ್ ಇಲ್ಲ’ ಎಂದಷ್ಟೇ ಗೀಚಿ ಹೋಗಲು ಬಿಡಬೇಡಿ. ಕೆಟ್ಟ ಭಾಗದ ಹೆಸರು, ಕಾರಣ ಎರಡನ್ನೂ ಬರೆಸಿಕೊಳ್ಳಿ. ವೋಲ್ಟೇಜಿನಿಂದ ಸುಟ್ಟಿದೆ ಎಂದು ಹೇಳಿದರೆ ಸುಟ್ಟ ಭಾಗ ತೋರಿಸಲು ಹೇಳಿ, ಫೋಟೊ ತೆಗೆದಿಡಿ. ಕೆಲಸ ಮುಗಿಯುವ ಮೊದಲೇ ನಿಮ್ಮ ಮೊಬೈಲಿಗೆ ಬಂದ ಓಟಿಪಿ ಕೇಳಿದರೆ ಕೊಡಬೇಡಿ. ಕೊಟ್ಟರೆ ದೂರು ಮುಗಿದಂತೆ ದಾಖಲಾಗಬಹುದು.

ದೂರು ಕೊಡುವುದು ಅಂಗಡಿಗಲ್ಲ, ಕಂಪನಿಯ ಗ್ರಾಹಕ ಸೇವೆಗೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ಕೊಂಡ ದಿನಾಂಕ ಕೇಳುತ್ತಾರೆ. ದೂರವಾಣಿ ಸಂಖ್ಯೆಯನ್ನು ಕಾರ್ಡಿನಿಂದಲೇ ತೆಗೆದುಕೊಳ್ಳಿ, ಇಂಟರ್‌ನೆಟ್‌ನಲ್ಲಿ ಹುಡುಕಿದರೆ ನಕಲಿ ಸರ್ವಿಸ್ ಸೆಂಟರ್ ಸಿಗುವ ಸಾಧ್ಯತೆ ಇದೆ. ಬಿಲ್ ಥರ್ಮಲ್ ಕಾಗದದ್ದಾದರೆ ಅಕ್ಷರ ಮಾಸಿಹೋಗುತ್ತದೆ, ಕೊಂಡ ದಿನವೇ ಫೋಟೊ ತೆಗೆಯಿರಿ. ಕಾರ್ಡಿಗೆ ಅಂಗಡಿಯ ಮೊಹರೂ ಆಗಲೇ ಬೀಳಲಿ. ಇನ್ನೊಂದು ಮಾತು: ವಾರಂಟಿಯಲ್ಲಿ ಭಾಗ ಬದಲಿಸಿದರೆ ಸಾಮಾನ್ಯವಾಗಿ ಹೊಸ ಅವಧಿ ಶುರುವಾಗುವುದಿಲ್ಲ, ಹಳೆಯದರ ಉಳಿದ ದಿನಗಳೇ ಮುಂದುವರಿಯುತ್ತವೆ.

ಕಾರ್ಡಿನಲ್ಲಿ ಇದ್ದದ್ದನ್ನೂ ಕಂಪನಿ ಕೊಡದಿದ್ದರೆ, ಒಲ್ಲೆ ಎಂಬ ಮಾತನ್ನು ಇಮೇಲಿನಲ್ಲಿ ಪಡೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಅದು ಇರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ವಕೀಲರು ಬೇಕೆಂದಿಲ್ಲ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಬಿಲ್, ಕಾರ್ಡ್, ಜಾಬ್ ಶೀಟ್, ಆ ಇಮೇಲ್ ಜೊತೆಗಿರಲಿ.