‘ತಪ್ಪಾಯ್ತು’ ಅಂದರೆ ಸಾಕಾ? ತಪ್ಪು ಮಾಡಿದ್ದು ಯಾರು ಅಂತ ಯಾರು ಹೇಳ್ತಾರೆ?

‘ತಪ್ಪಾಯ್ತು.’ ಕನ್ನಡದಲ್ಲಿ ಈ ಮಾತು ಹೇಳೋಕೆ ತಪ್ಪು ಮಾಡಿದವರ ಹೆಸರೇ ಬೇಕಿಲ್ಲ. ಮಳೆ ಆಯ್ತು, ಸಂಜೆ ಆಯ್ತು ಅನ್ನೋ ಹಾಗೆ ತಪ್ಪೂ ತನ್ನಷ್ಟಕ್ಕೆ ತಾನೇ ಆಗಿಬಿಡುತ್ತದೆ. ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಅನ್ನೋದು ಇದರ ಸರ್ಕಾರಿ ರೂಪ. ರಸ್ತೆ ಅಗೆದವರೂ ಅದನ್ನೇ ಬರೆಯುತ್ತಾರೆ, ಕರೆಂಟ್ ತೆಗೆದವರೂ ಅದನ್ನೇ ಬರೆಯುತ್ತಾರೆ. ರಾಜಕಾರಣಿಗಳ ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಅನ್ನೋ ಮಾತನ್ನು ನಾವು ಕೂಡಲೇ ಹಿಡಿದು ಜಾಡಿಸುತ್ತೇವೆ. ಆದರೆ ನಮ್ಮ ಮೆಚ್ಚಿನ ಪುಟ್ಟ ಬ್ರಾಂಡ್ ಇನ್‌ಸ್ಟಾಗ್ರಾಂನಲ್ಲಿ ಅದೇ ವ್ಯಾಕರಣ ಬಳಸಿದರೆ ಹಾರ್ಟ್ ಒತ್ತಿ ಮುಂದೆ ಹೋಗುತ್ತೇವೆ.

ಸಣ್ಣ ವ್ಯಾಪಾರಿಗಳ ಸಂಕಟ ಬೇರೆ ಥರದ್ದು ಅನ್ನೋದೂ ನಿಜ. ಅವರಿಗೆ ಜಾಹೀರಾತು ಏಜೆನ್ಸಿ ಇಲ್ಲ, ವಕೀಲರಿಲ್ಲ. ಇರೋದು ಒಂದು ದನಿ ಮಾತ್ರ. ತಮಾಷೆ, ಊರಿನ ಮಾತು, ಮನೆಯವರಂತೆ ಕರೆಯುವ ರೀತಿ, ಜನ ಬಂದಿದ್ದೇ ಅದಕ್ಕೆ. ಡೆಲಿವರಿಯಲ್ಲಿ ಎಡವಟ್ಟಾದಾಗ ಆ ದನಿ ಉಳಿಸಿಕೊಳ್ಳಬೇಕಾ, ಬಿಡಬೇಕಾ?

ಬಕೆಟ್ ತುಂಬ ಚಪ್ಪಾಳೆ

ಈ ಪ್ರಶ್ನೆ ಬಂದಾಗೆಲ್ಲ ಮಾರ್ಕೆಟಿಂಗ್ ಮಂದಿ ತೋರಿಸೋದು 2018ರ ಕೆಎಫ್‌ಸಿ ಪ್ರಕರಣ. ಆ ಫೆಬ್ರುವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿ ತನ್ನ ಸಾಗಣೆಯ ಗುತ್ತಿಗೆಯನ್ನು ಬಿಡ್‌ವೆಸ್ಟ್ ಕಂಪನಿಯಿಂದ ಡಿಎಚ್‌ಎಲ್‌ಗೆ ಕೊಟ್ಟಿತು. ರಗ್ಬಿ ಊರಿನ ಒಂದೇ ಗೋದಾಮಿನಿಂದ ಇಡೀ ದೇಶಕ್ಕೆ ಕೋಳಿ ಹೋಗಬೇಕಿತ್ತು, ಹೋಗಲಿಲ್ಲ. ಸುಮಾರು 900 ಮಳಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿಲು ಹಾಕಿದವು.

ಕಂಪನಿಯ ಮೊದಲ ಪೋಸ್ಟ್, ಹೊಸ ಡೆಲಿವರಿ ಪಾಲುದಾರರಿಗೆ ಶುರುವಿನಲ್ಲಿ ಒಂದಿಷ್ಟು ತೊಡಕಾಗಿದೆ ಅನ್ನೋ ಅರ್ಥದಲ್ಲಿತ್ತು. ಅಂದರೆ ತೊಡಕು ಅವರದ್ದು, ನಮ್ಮದಲ್ಲ. ಕೆಲವು ದಿನಗಳ ನಂತರ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಬಂತು: ಖಾಲಿ ಬಕೆಟ್, ಅದರ ಮೇಲೆ ಹೆಸರಿನ ಮೂರು ಅಕ್ಷರ ಅದಲುಬದಲಾಗಿ ಒಂದು ಬೈಗುಳದಂತೆ ಕಾಣುವ ‘ಎಫ್‌ಸಿಕೆ’. ಕೆಳಗೆ ನೇರ ಕ್ಷಮೆ. ಡಿಎಚ್‌ಎಲ್ ಹೆಸರಿಲ್ಲ. ಬೈಗುಳವನ್ನು ಕಂಪನಿ ತನ್ನ ಮೇಲೇ ಹಾಕಿಕೊಂಡಿತ್ತು. ಜನ ನಕ್ಕರು, ಕ್ಷಮಿಸಿದರು.

ಈ ತಮಾಷೆ ಗೆಲ್ಲೋಕೆ ಒಂದು ಕಾರಣವಿತ್ತು. ಗಿರಾಕಿಗೆ ಆಗಿದ್ದು ಒಂದು ಹೊತ್ತಿನ ಕೋಳಿ ತಪ್ಪಿದ ನಷ್ಟ ಅಷ್ಟೇ, ಯಾರ ಮೈಗೂ ಏನೂ ಆಗಿರಲಿಲ್ಲ. ಇನ್ನೊಂದು ಕಡೆ, ಬಾಗಿಲು ಹಾಕಿದ ಅಂಗಡಿಗಳ ನೌಕರರ ಸಂಬಳದ ಪ್ರಶ್ನೆಗೆ ಅಷ್ಟು ಚೆಂದದ ಉತ್ತರ ಸಿಗಲಿಲ್ಲ. ಬಹುಪಾಲು ಮಳಿಗೆಗಳು ಫ್ರಾಂಚೈಸಿಗಳ ಕೈಯಲ್ಲಿದ್ದವು. ತಾನೇ ನಡೆಸುವ ಮಳಿಗೆಗಳವರಿಗೆ ಸಂಬಳ ಕೊಡುತ್ತೇವೆ, ಫ್ರಾಂಚೈಸಿಗಳದ್ದು ಅವರವರ ತೀರ್ಮಾನ ಅಂತ ಕಂಪನಿ ಹೇಳಿತು. ಯಾರ ನಷ್ಟಕ್ಕೆ ನಗೆ ಸಾಕು, ಯಾರ ನಷ್ಟಕ್ಕೆ ದುಡ್ಡೇ ಬೇಕು ಅಂತ ವಿಂಗಡಿಸೋದೇ ಕ್ಷಮಾಪಣೆಯ ಮೊದಲ ಕೆಲಸ.

38 ಪಾರ್ಸೆಲ್, ಒಂದು ಕಾಲಂ

ಈಗ ನಮ್ಮ ಕಡೆ ಬರೋಣ. ಇದು ಕಟ್ಟಿದ ಉದಾಹರಣೆ, ಆದರೆ ಇಂಥದ್ದು ಎಲ್ಲಿ ಬೇಕಾದರೂ ಆಗಬಹುದು. ಧಾರವಾಡದಲ್ಲಿ ಮೂವರು ಸೇರಿ ನಡೆಸುವ ಚಟ್ನಿಪುಡಿ ಘಟಕ. ಸ್ವಂತ ವೆಬ್‌ಸೈಟ್ ಇದೆ. ಪಾಕೀಟಿಗೆ 180 ರೂಪಾಯಿ, ಕೊರಿಯರ್‌ಗೆ 60. ಶನಿವಾರ 38 ಪಾರ್ಸೆಲ್ ಹೊರಟವು. ಆರ್ಡರ್‌ಗಳಿರುವ ಎಕ್ಸೆಲ್ ಶೀಟನ್ನು ಊರಿನ ಪ್ರಕಾರ ಸಾರ್ಟ್ ಮಾಡುವಾಗ ಹೆಸರು, ವಿಳಾಸದ ಕಾಲಂಗಳು ಸೆಲೆಕ್ಟ್ ಆದವು, ‘ಏನು ಬೇಕು’ ಅನ್ನೋ ಕಾಲಂ ಬಿಟ್ಟುಹೋಯಿತು. ವಿಳಾಸಗಳು ಜಾಗ ಬದಲಿಸಿದವು, ಬೇಡಿಕೆಗಳು ಇದ್ದಲ್ಲೇ ಉಳಿದವು. ಒಬ್ಬರ ಪುಡಿ ಇನ್ನೊಬ್ಬರ ಮನೆಗೆ ಹೋಯಿತು.

ಬಹುತೇಕ ಮಂದಿಗೆ ಇದು ಬರೀ ಕಿರಿಕಿರಿ. ಆದರೆ ನಾಲ್ವರು ‘ಮಿಶ್ರ ಚಟ್ನಿಪುಡಿ, ಶೇಂಗಾ ಬೇಡ’ ಅಂತ ಬರೆದಿದ್ದರು. ಆ ಸೂಚನೆ ಶೀಟಿನಲ್ಲಿತ್ತೇ ಹೊರತು ಪಾಕೀಟಿನ ಮೇಲೆ ಇರಲಿಲ್ಲ. ಶೇಂಗಾ ಹಾಕಿದ್ದಕ್ಕೂ ಹಾಕದ್ದಕ್ಕೂ ಒಂದೇ ಪಾಕೀಟು. ಶೇಂಗಾ ಅಲರ್ಜಿ ಇರುವವರಿಗೆ ಒಂದು ಚಮಚ ಪುಡಿಯೂ ಪ್ರಾಣಕ್ಕೆ ತರಬಹುದು. ಅದಕ್ಕೇ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳು ಶೇಂಗಾ, ಹಾಲು, ಸೋಯಾ ಮುಂತಾದ ಅಲರ್ಜಿಕಾರಕಗಳನ್ನು ಪಾಕೀಟಿನ ಮೇಲೆ ಕಾಣುವಂತೆ ಬರೆಯಬೇಕು ಅನ್ನುತ್ತವೆ.

ಸೋಮವಾರ ಬೆಳಗ್ಗೆ ಮೊದಲ ದೂರು ಬಂದಾಗ ಕೈ ತಕ್ಷಣ ಪೋಸ್ಟ್ ಕಡೆ ಹೋಗುತ್ತದೆ. ಮೊದಲು ಹೋಗಬೇಕಾದ್ದು ಫೋನ್ ಕಡೆ. ಆ ನಾಲ್ವರಿಗೆ ಕರೆ, ಆಮೇಲೆ 38 ಜನರಿಗೂ ಮೆಸೇಜ್, ಮೂರನೆಯದು ಪೋಸ್ಟ್. ಪುಡಿಯನ್ನು ಯಾರೋ ಉಡುಗೊರೆಯಾಗಿ ಕಳಿಸಿರುತ್ತಾರೆ, ಯಾರೋ ಪಕ್ಕದ ಮನೆಗೆ ಹಂಚಿರುತ್ತಾರೆ. ಫೋನಿಗೆ ಸಿಗದ ಅವರನ್ನು ಮುಟ್ಟೋಕೆ ಪೋಸ್ಟ್ ಬೇಕು. ಅದರ ನಿಜವಾದ ಕೆಲಸ ಅದು. ಇಮೇಜ್ ಉಳಿಯೋದು ಆಮೇಲಿನ ಮಾತು.

ಬೇಡವಾದ ಪೋಸ್ಟ್

ಸಾಮಾನ್ಯವಾಗಿ ಬರೋದು ಹೀಗಿರುತ್ತದೆ:

> ಅಯ್ಯೋ! ಚಟ್ನಿಪುಡಿಗಳೆಲ್ಲ ಊರು ಸುತ್ತೋಕೆ ಹೋಗಿ ದಾರಿ ತಪ್ಪಿಬಿಟ್ಟಿವೆ! ಡೆಲಿವರಿಯಲ್ಲಿ ಸಣ್ಣ ಎಡವಟ್ಟಾಗಿದೆ. ನಮ್ಮ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಪ್ಲೀಸ್! ಮುಂದಿನ ಆರ್ಡರ್ ಮೇಲೆ ಶೇ. 10 ರಿಯಾಯಿತಿ. ತೊಂದರೆ ಆದವರು ಡಿಎಂ ಮಾಡಿ.

‘ಹೊಟ್ಟೆಗೆ ಹಾಕ್ಕೊಳ್ಳಿ’ ನಮ್ಮ ಭಾಷೆಯ ಬಲು ಚೆಂದದ ಮಾತು, ತಿಂಡಿ ಮಾರುವವರಿಗೆ ಹೇಳಿ ಮಾಡಿಸಿದ ಶ್ಲೇಷೆ. ಆದರೆ ಇಲ್ಲಿ ಹೊಟ್ಟೆಗೆ ಹಾಕಿಕೊಳ್ಳಬಾರದ್ದೇ ಆ ಪುಡಿ. ಶೇಂಗಾ ಅನ್ನೋ ಪದ ಎಲ್ಲೂ ಇಲ್ಲ. ‘ಡೆಲಿವರಿಯಲ್ಲಿ ಎಡವಟ್ಟು’ ಅಂದ ಕೂಡಲೇ ಓದುವವರ ಕಣ್ಣ ಮುಂದೆ ಬರೋದು ಬೈಕಿನ ಹುಡುಗ. ಅವನು ಸ್ಟಿಕ್ಕರ್ ಮೇಲಿದ್ದ ವಿಳಾಸಕ್ಕೇ ತಲುಪಿಸಿದ್ದಾನೆ. ಅವನ ಹೆಸರು ಹೇಳದೆಯೇ ಅವನ ತಲೆಗೆ ಕಟ್ಟಿದ ಹಾಗಾಯಿತು.

ಇದು ಸಣ್ಣ ವಿಷಯವಲ್ಲ. ಆ್ಯಪ್ ಕೆಲಸಗಾರರ ಪಾಲಿಗೆ ಒಂದು ದೂರು ಅಂದರೆ ರೇಟಿಂಗ್, ರೇಟಿಂಗ್ ಅಂದರೆ ನಾಳಿನ ದುಡಿಮೆ. ಕಾರಣವನ್ನು ಲಿಖಿತವಾಗಿ ಕೊಟ್ಟು, ಮುಂಚಿತವಾಗಿ ನೋಟಿಸ್ ಕೊಡದೆ ಕೆಲಸದಿಂದ ತೆಗೆಯಬಾರದು ಅನ್ನೋ ಮಾತು 2025ರಲ್ಲಿ ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನಿನೊಳಗೆ ಬಂದಿದ್ದು ಸುಮ್ಮನೆ ಅಲ್ಲ. ಕರ್ತೃವಿಲ್ಲದ ವಾಕ್ಯ ಖಾಲಿ ಉಳಿಯೋದಿಲ್ಲ, ಎಲ್ಲರಿಗಿಂತ ಕೆಳಗಿರುವವನು ಆ ಜಾಗ ತುಂಬುತ್ತಾನೆ.

ಇನ್ನು ಶೇ. 10 ರಿಯಾಯಿತಿ. ನನ್ನ 240 ರೂಪಾಯಿ ನಿಮ್ಮ ಹತ್ತಿರವೇ ಇದೆ, ಅದರ ಪರಿಹಾರ ಪಡೆಯೋಕೆ ನಾನು ಮತ್ತೆ ದುಡ್ಡು ಹಾಕಬೇಕು. ಅದು ಮಾರಾಟ, ಪರಿಹಾರ ಅಲ್ಲ. ಕೇಂದ್ರದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸ್ವಂತ ಸೈಟಿನಲ್ಲಿ ಸ್ವಂತ ಮಾಲು ಮಾರುವವರು ಒಪ್ಪಿಕೊಂಡಂತಿಲ್ಲದ ವಸ್ತುವನ್ನು ವಾಪಸ್ ತಗೊಳ್ಳೋಕೆ ಆಗಲ್ಲ ಅನ್ನುವಂತಿಲ್ಲ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಹಣ ವಾಪಸ್ ಕೊಡೋದನ್ನು ದೊಡ್ಡ ಮನಸ್ಸು ಅಂತ ತೋರಿಸಿಕೊಳ್ಳೋ ಅಗತ್ಯವಿಲ್ಲ.

ಬೇಕಾದ ಪೋಸ್ಟ್

> ಶೇಂಗಾ ಅಲರ್ಜಿ ಇರುವವರು ಮೊದಲು ಇದನ್ನು ಓದಿ. ಶನಿವಾರ ನಾವು ಕಳಿಸಿದ 38 ಪಾರ್ಸೆಲ್‌ಗಳಲ್ಲಿ ಚಟ್ನಿಪುಡಿ ಅದಲುಬದಲಾಗಿದೆ. ‘ಶೇಂಗಾ ಬೇಡ’ ಎಂದವರಿಗೆ ಶೇಂಗಾ ಇರುವ ಪುಡಿ ಬಂದಿರಬಹುದು. ಆ ಪಾಕೀಟನ್ನು ತಿನ್ನಬೇಡಿ, ಯಾರಿಗೂ ಕೊಡಬೇಡಿ. ತಿಂದ ಮೇಲೆ ತುಟಿ, ಮುಖ ಊದಿದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ.
>
> ತಪ್ಪು ನಮ್ದರೀ. ಆರ್ಡರ್ ಪಟ್ಟಿ ಸಾರ್ಟ್ ಮಾಡುವಾಗ ನಾವು ಒಂದು ಕಾಲಂ ಬಿಟ್ವಿ. ಒಬ್ಬರ ಪುಡಿ ಇನ್ನೊಬ್ಬರ ಮನಿಗೆ ಹೋತು. ಪಾರ್ಸೆಲ್ ತಂದುಕೊಟ್ಟ ಅಣ್ಣಾರದು ಇದರಾಗ ಏನೂ ತಪ್ಪಿಲ್ಲ.
>
> 38 ಮಂದಿಗೂ ಕೊರಿಯರ್ ಸೇರಿ 240 ರೂಪಾಯಿ ಇವತ್ತ ಸಂಜಿ 6ರೊಳಗ ವಾಪಸ್ ಹಾಕ್ತೀವಿ, ನೀವು ಕೇಳೂದು ಬ್ಯಾಡ. ರೊಕ್ಕದ ಬದಲಿ ಪುಡಿನ ಬೇಕಂದ್ರ ಮಧ್ಯಾಹ್ನದೊಳಗ ಹೇಳ್ರಿ, ಗುರುವಾರ ಕಳಸ್ತೀವಿ. ಇನ್ನ ಮ್ಯಾಲೆ ‘ಶೇಂಗಾ ಬ್ಯಾಡ’ ಅನ್ನೋ ಆರ್ಡರ್ ತಗೊಳ್ಳೂದಿಲ್ಲ. ನಮ್ಮ ಮಿಕ್ಸರ್ ಒಂದ ಐತಿ, ಶೇಂಗಾ ಅದರಾಗ ಅರಿತೀವಿ. ಖಾತ್ರಿ ಕೊಡಾಕ ಆಗೂದಿಲ್ಲ.

ಇಲ್ಲಿ ಎರಡು ಭಾಷೆ ಇದೆ, ಅದು ಬೇಕಂತಲೇ. ಎಚ್ಚರಿಕೆಯ ಭಾಗ ಎಲ್ಲ ಜಿಲ್ಲೆಯವರಿಗೂ ಒಂದೇ ಓದಿಗೆ ಅರ್ಥವಾಗುವ ಸಾದಾ ಕನ್ನಡದಲ್ಲಿದೆ. ಒಪ್ಪಿಕೊಳ್ಳುವ ಭಾಗ ಅವರದ್ದೇ ಧಾರವಾಡದ ಮಾತಿನಲ್ಲಿದೆ. ವರ್ಷವಿಡೀ ‘ಬರ್ರಿ, ಉಣ್ರಿ’ ಅಂದವರು ತಪ್ಪಾದ ದಿನ ‘ಗ್ರಾಹಕ ಮಹಾಶಯರೇ’ ಅಂದರೆ ಜನರಿಗೆ ತಕ್ಷಣ ಗೊತ್ತಾಗುತ್ತದೆ, ಇದು ಭಯದ ಭಾಷೆ ಅಂತ. ಬ್ರಾಂಡ್ ದನಿ ಅಂದರೆ ಜೋಕ್ ಅಲ್ಲ, ನೀವು ಜನರನ್ನು ಮಾತಾಡಿಸುವ ರೀತಿ. ಜೋಕ್ ಬಿಟ್ಟರೂ ಆ ‘ರೀ’ ಉಳಿಯುತ್ತದೆ.

ಕೊನೆಯ ಎರಡು ವಾಕ್ಯಗಳೇ ಬರೆಯೋಕೆ ಕಷ್ಟ. ಕಾಲಂ ತಪ್ಪಿದ್ದು ಒಂದು ದಿನದ ಎಡವಟ್ಟು. ಒಂದೇ ಮಿಕ್ಸರ್‌ನಲ್ಲಿ ಅರೆದು ‘ಶೇಂಗಾ ಇಲ್ಲ’ ಅಂತ ಒಪ್ಪಿಕೊಳ್ಳುತ್ತಿದ್ದದ್ದು ಮೊದಲಿನಿಂದಲೂ ಇದ್ದ ತಪ್ಪು. ಸಾರ್ಟಿಂಗ್ ಮಾತ್ರ ಹೇಳಿ ಮಿಕ್ಸರ್ ವಿಷಯ ಮುಚ್ಚಿಟ್ಟರೆ ಪೋಸ್ಟ್ ಎಷ್ಟೇ ಪ್ರಾಮಾಣಿಕವಾಗಿ ಕಂಡರೂ ಅರ್ಧ ಸುಳ್ಳು.

ಖರ್ಚು ಎಷ್ಟು? ಎಲ್ಲರೂ ಹಣವನ್ನೇ ತಗೊಂಡರೆ 9,120 ರೂಪಾಯಿ. ಮೂವರ ಘಟಕಕ್ಕೆ ಅದು ಒಂದು ವಾರದ ಲಾಭವೂ ಆಗಿರಬಹುದು. ಸಣ್ಣವರು ಮಾತು ತೇಲಿಸೋದು ಹಲವು ಸಲ ಈ ಲೆಕ್ಕಕ್ಕೆ ಹೆದರಿಯೇ. ಒಮ್ಮೆಲೇ ಕೊಡೋಕೆ ಆಗದಿದ್ದರೆ ‘ಅರ್ಧ ಇವತ್ತು, ಉಳಿದದ್ದು 15ನೇ ತಾರೀಖಿಗೆ’ ಅಂತ ಬರೆಯಬಹುದು. ತಾರೀಖು ಇರುವ ಬಡ ಮಾತು, ತಾರೀಖಿಲ್ಲದ ಶ್ರೀಮಂತ ಮಾತಿಗಿಂತ ಮೇಲು.

ಓದುವ ನಾವು ಏನು ನೋಡಬೇಕು? ಕ್ರಿಯಾಪದ ನೋಡಿ: ‘ಆಯ್ತು’ ಅಂತಿದೆಯಾ, ‘ಮಾಡಿದ್ವಿ’ ಅಂತಿದೆಯಾ. ಕಾಮೆಂಟ್‌ಗಳು ತೆರೆದಿವೆಯಾ, ಸಿಟ್ಟಿನವು ಅಳಿಸಿಹೋಗಿವೆಯಾ ನೋಡಿ. ವಾರ ಬಿಟ್ಟು ಮತ್ತೆ ಆ ಪುಟಕ್ಕೆ ಹೋಗಿ. ಎಷ್ಟು ಜನಕ್ಕೆ ಹಣ ತಲುಪಿತು, ಯಾರಿಗೆ ಇನ್ನೂ ಇಲ್ಲ ಅಂತ ಒಂದು ಸಾಲು ಬಂದಿದ್ದರೆ ಕ್ಷಮಾಪಣೆ ಆಗ ಪೂರ್ತಿಯಾಯಿತು. ಬರದಿದ್ದರೆ ಕಾಮೆಂಟಿನಲ್ಲಿ ಕೇಳಿ. ಮಂತ್ರಿಗೆ ಕೇಳುವ ಪ್ರಶ್ನೆಯನ್ನು ಚಟ್ನಿಪುಡಿ ಮಾರುವವರಿಗೂ ಕೇಳಬಹುದು, ಸ್ವಲ್ಪ ಮೆತ್ತಗೆ.