ಬಾಣಂತನಕ್ಕೆ ಹೊರಟ ಟೀಚರ್ ಬರೆಯಬೇಕಾದ ಪತ್ರ

ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಸಾಮಾನ್ಯವಾಗಿ ಸಂದರ್ಶನ ಇರುವುದಿಲ್ಲ. ನಮ್ಮ ಮುಖವನ್ನೇ ನೋಡದ ಅಧಿಕಾರಿಯೊಬ್ಬರು ಕಾಗದಪತ್ರ ತಿರುವಿ ಹಾಕಿ ತೀರ್ಮಾನಿಸುತ್ತಾರೆ. ಈಕೆ ಹೋದವಳು ವಾಪಸ್ ಬರುತ್ತಾಳೆಯೇ ಎಂಬುದೇ ಅವರ ಮುಖ್ಯ ಪ್ರಶ್ನೆ. ಕವರಿಂಗ್ ಲೆಟರ್ ಕಡ್ಡಾಯವಲ್ಲ. ಆದರೆ ಆ ಪ್ರಶ್ನೆಗೆ ನಮ್ಮ ಮಾತಿನಲ್ಲಿ ವಿವರವಾಗಿ ಉತ್ತರ ಕೊಡಲು ಅದು ಒಳ್ಳೆಯ ಜಾಗ.

ತಿಪಟೂರಿನ ನಿವೃತ್ತ ಹೈಸ್ಕೂಲ್ ಶಿಕ್ಷಕಿಯೊಬ್ಬರು ಮಗಳ ಬಾಣಂತನಕ್ಕೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಬಹಳ ಜನ ಇಲ್ಲಿ ಭಾರತದ ಸಂಸ್ಕೃತಿ, ತಾಯಿಯ ಕರುಳು ಎಂದೆಲ್ಲ ಒಂದು ಪುಟ ತುಂಬಿಸುತ್ತಾರೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಅದರ ಬದಲು ಇಂಗ್ಲಿಷಿನಲ್ಲಿ ಹೀಗೆ ಬರೆಯಬಹುದು: 'ಮೇ 10ರಿಂದ ಜುಲೈ 25ರವರೆಗೆ ಮಗಳ ಮನೆಯಲ್ಲಿರುತ್ತೇನೆ. ಪ್ರತಿ ತಿಂಗಳು ನನಗೆ 42,000 ರೂಪಾಯಿ ಪಿಂಚಣಿ ಬರುತ್ತದೆ. ಪಿಂಚಣಿ ಆದೇಶ ಮತ್ತು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ನನ್ನ ಹೆಸರಿನಲ್ಲಿ ಮೂರು ಎಕರೆ ತೆಂಗಿನ ತೋಟವಿದೆ, ಪಹಣಿ ಇದೆ. ಯಜಮಾನರು ಊರಲ್ಲೇ ಇರುತ್ತಾರೆ.' ಒಂದು ಮಾತು, ಅದರ ಪಕ್ಕದಲ್ಲೇ ಅದಕ್ಕೊಂದು ದಾಖಲೆ. ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಬೇಕು. ಅದರಲ್ಲಿ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ, ಅನುವಾದ ಸರಿಯಿದೆ ಎಂಬ ದೃಢೀಕರಣ ಇರಲೇಬೇಕು.

ಈ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಹಾಗಂತ ಆರು ತಿಂಗಳನ್ನೂ ಕೇಳಿದರೆ, ತೋಟ ನೋಡಿಕೊಳ್ಳುವವರು ನಾನೊಬ್ಬಳೇ ಎಂದು ಅದೇ ಪತ್ರದಲ್ಲಿ ಬರೆದದ್ದು ಸುಳ್ಳಾಗಿ ಕಾಣುತ್ತದೆ. ಬಾಣಂತನದ ಮಾತೂ ಅಷ್ಟೇ ನಾಜೂಕಿನದು. ಅಜ್ಜಿ ಸ್ವಲ್ಪ ದಿನ ಮಗುವನ್ನು ನೋಡಿಕೊಳ್ಳಬಹುದು, ಆದರೆ ಅದು ಆಯಾಳ ಕೆಲಸದಂತೆ ಆಗಬಾರದು. 'ಮಗಳು ಕೆಲಸಕ್ಕೆ ಹೋಗಬೇಕು, ಮಗುವಿಗೆ ಬೇರೆ ಯಾರೂ ಇಲ್ಲ' ಎಂಬ ಒಂದು ಸಾಲು ಇಡೀ ಅರ್ಜಿಗೆ ಕುತ್ತು ತರಬಹುದು. ಹೆರಿಗೆಯ ಸಮಯದಲ್ಲಿ ಮಗಳ ಜೊತೆಗಿದ್ದು ಇಂಥ ದಿನ ಹಿಂತಿರುಗುತ್ತೇನೆ ಎಂದರೆ ಸಾಕು.

ಅರ್ಜಿ ಕೆಡುವ ಇನ್ನೊಂದು ಜಾಗ ಪಾಸ್‌ಬುಕ್. ಖಾತೆ ತುಂಬಿ ಕಾಣಲಿ ಎಂದು ಅರ್ಜಿಗೆ ಒಂದು ವಾರ ಮೊದಲು ಅಳಿಯ ಮೂರು ಲಕ್ಷ ಹಾಕಿದರೆ, ಇದು ಯಾರ ದುಡ್ಡು ಎಂಬ ಅನುಮಾನ ಏಳುತ್ತದೆ. ಖರ್ಚು ಮಗಳದ್ದಾದರೆ ನೇರವಾಗಿ ಹಾಗೆಂದೇ ಬರೆದು, ಅವಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಡುವುದೇ ಲೇಸು. ತೆಂಗಿನಕಾಯಿ ಮಾರಿದ ಹಣ ಬಂದಿದ್ದರೆ ಮಂಡಿಯ ರಸೀದಿ ಜೊತೆಗಿರಲಿ.

ವಿಸಿಟರ್ ವೀಸಾ ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. ಹಿಂದೆ ಯಾವ ದೇಶ ವೀಸಾ ನಿರಾಕರಿಸಿದ್ದರೂ ಅರ್ಜಿಯಲ್ಲಿ ಹೇಳಿಬಿಡಿ. ಮುಚ್ಚಿಟ್ಟು ವಂಚಿಸಿದ್ದು ಗೊತ್ತಾದರೆ 10 ವರ್ಷ ನಿಷೇಧವೂ ಬೀಳಬಹುದು.